ಏಜೆನ್ಸಿ ಮುಗಿಯಿತು, ಗೋದಾಮಿನ ಮಾಲು ಯಾರದು?

ಕಂಪನಿಯಿಂದ ಬರುವ ಆ ಕಾಗದ ಸಾಮಾನ್ಯವಾಗಿ ಒಂದೇ ಪುಟದ್ದು. ‘ಈ ನೋಟಿಸು ತಲುಪಿದ 30 ದಿನಗಳ ನಂತರ ನಿಮ್ಮ ವಿತರಕ ಒಪ್ಪಂದ ಕೊನೆಗೊಳ್ಳುತ್ತದೆ. ಉಳಿದ ಸ್ಟಾಕು ಮತ್ತು ಬಾಕಿಯನ್ನು ಕಂಪನಿಯ ನಿಯಮದಂತೆ ಇತ್ಯರ್ಥಪಡಿಸಲಾಗುವುದು.’ ಡಿಸ್ಟ್ರಿಬ್ಯೂಟರ್‌ನ ಎದೆ ಧಸಕ್ಕೆನ್ನುವುದು ಮೊದಲ ವಾಕ್ಯಕ್ಕೆ. ದುಡ್ಡು ಹೋಗುವುದು ಎರಡನೆಯದರಲ್ಲಿ.

ಮೊದಲ ವಾಕ್ಯದ ಮೇಲೆ ಜಗಳಕ್ಕಿಳಿದು ಗೆಲ್ಲುವವರು ಕಡಿಮೆ. ಇಂಡಿಯನ್ ಆಯಿಲ್ ಮತ್ತು ಅಮೃತಸರ ಗ್ಯಾಸ್ ಸರ್ವಿಸ್ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿತು. 30 ದಿನಗಳ ನೋಟಿಸು ಕೊಟ್ಟು ಮುಗಿಸಬಹುದೆಂದು ಒಪ್ಪಂದದಲ್ಲೇ ಇದ್ದುದರಿಂದ, ರದ್ದು ಮಾಡಿದ ಕ್ರಮ ತಪ್ಪಾಗಿದ್ದರೂ ವಿತರಕನಿಗೆ ಸಿಗುವುದು ಆ 30 ದಿನಗಳ ಗಳಿಕೆ ಮಾತ್ರ, ಏಜೆನ್ಸಿ ಮರಳಿ ಕೊಡಿಸಲಾಗದು ಎಂದಿತು. ಹಾಗಾಗಿ ಜಾಣ ವಿತರಕ ‘ಯಾಕೆ ತೆಗೆದಿರಿ’ ಎಂದು ಕೇಳುವುದರಲ್ಲಿ ಆ 30 ದಿನ ಕಳೆಯುವುದಿಲ್ಲ. ಗೋದಾಮು ಎಣಿಸುತ್ತಾನೆ.

ಹಾವೇರಿಯಲ್ಲಿ ಒಬ್ಬ ಮಸಾಲೆ ಪುಡಿಯ ವಿತರಕನಿದ್ದಾನೆ ಎಂದಿಟ್ಟುಕೊಳ್ಳೋಣ. ಕಂಪನಿಯ ಲೆಡ್ಜರಿನಲ್ಲಿ ಅವನು ಕೊಡಬೇಕಾದದ್ದು 3 ಲಕ್ಷ ರೂಪಾಯಿ. ಗೋದಾಮಿನಲ್ಲಿ 6 ಲಕ್ಷದ ಮಾಲಿದೆ: ಸುಸ್ಥಿತಿಯದು ನಾಲ್ಕೂವರೆ ಲಕ್ಷ, ಎಕ್ಸ್‌ಪೈರಿ ಹತ್ತಿರವಿರುವುದು 1 ಲಕ್ಷ, ಒಡೆದದ್ದು ಹರಿದದ್ದು 50 ಸಾವಿರ. ಅಂಗಡಿಗಳಿಗೆ ಕೈಯಿಂದ ಕೊಟ್ಟ ಸ್ಕೀಮಿನ ಕ್ಲೇಮು 1,80,000. ಟಾರ್ಗೆಟ್ ಮುಟ್ಟಿದ ತ್ರೈಮಾಸಿಕದ ಕಮಿಷನ್ 70 ಸಾವಿರ. ಇವೆರಡೂ ಕಂಪನಿಯಿಂದ ಬರಬೇಕು.

ಬಿಲ್ಲು ಹಾಕಿಸಿ ಕೊಂಡ ಮಾಲು ವಿತರಕನದೇ. ಮಾಲೀಕತ್ವ ಅವನಿಗೆ ದಾಟಿ ಆಗಿದೆ. ವಾಪಸು ಪಡೆಯುತ್ತೇವೆ ಎಂದು ಒಪ್ಪಂದದಲ್ಲಿ ಬರೆಯದಿದ್ದರೆ, ಕಂಪನಿ ತೆಗೆದುಕೊಳ್ಳಲೇಬೇಕು ಎಂದು ಹಿಡಿಯುವುದು ಕಷ್ಟ. ಕನ್‌ಸೈನ್‌ಮೆಂಟ್ ಮೇಲೆ ಮಾಲಿಟ್ಟುಕೊಂಡ ಏಜೆಂಟನ ಸ್ಥಿತಿ ಬೇರೆ. ಅಲ್ಲಿ ಮಾಲು ಕಂಪನಿಯದು. ಆದರೆ ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ, ತನ್ನ ಕಮಿಷನ್ ಚುಕ್ತಾ ಆಗುವವರೆಗೆ ಅದನ್ನು ತಡೆಹಿಡಿಯುವ ಹಕ್ಕನ್ನು 1872ರ ಕರಾರು ಕಾಯ್ದೆಯ 221ನೇ ಕಲಂ ಏಜೆಂಟನಿಗೆ ಕೊಡುತ್ತದೆ. ‘ಏಜೆನ್ಸಿ’ ಎಂಬ ಬೋರ್ಡು ಅಂಗಡಿಯ ಮೇಲಿದ್ದ ಮಾತ್ರಕ್ಕೆ ಯಾರೂ ಏಜೆಂಟರಾಗುವುದಿಲ್ಲ. ಬಿಲ್ಲು ಯಾರ ಹೆಸರಿನಲ್ಲಿದೆ ಎಂದು ನೋಡಬೇಕು.

ನಮ್ಮ ಹಾವೇರಿಯವನ ಒಪ್ಪಂದದಲ್ಲಿ ಸುಸ್ಥಿತಿಯ ಮಾಲನ್ನು ಖರೀದಿ ಬೆಲೆಗೆ ವಾಪಸು ಪಡೆಯುವ ಮಾತಿದೆ ಎನ್ನೋಣ. ಆಗ ಅವನು ಮೊದಲು ಮಾಡಬೇಕಾದ್ದು ಕಂಪನಿಯ ಸೇಲ್ಸ್ ಆಫೀಸರನ್ನು ಕರೆಸಿ, ಬ್ಯಾಚ್ ನಂಬರು, ಎಕ್ಸ್‌ಪೈರಿ ತಾರೀಖು, ಪೆಟ್ಟಿಗೆಗಳ ಸಂಖ್ಯೆ ಬರೆದು ಇಬ್ಬರೂ ಸಹಿ ಹಾಕುವುದು. ಸಹಿಯಿಲ್ಲದೆ ಲಾರಿಗೆ ಏರಿದ ಮಾಲು ಡಿಪೋ ತಲುಪುವಷ್ಟರಲ್ಲಿ ಅರ್ಧ ‘ಡ್ಯಾಮೇಜ್’ ಆಗಿರುತ್ತದೆ. ಸಾಗಣೆ ಖರ್ಚು ಯಾರದೆಂದೂ ಅದೇ ಹಾಳೆಯಲ್ಲಿ ಬರೆಯಬೇಕು.

ಜಿಎಸ್‌ಟಿ ಇನ್ನೊಂದು ಗಂಟು. ಕಂಪನಿ ಕ್ರೆಡಿಟ್ ನೋಟ್ ಕೊಟ್ಟು ತೆರಿಗೆ ಸರಿಹೊಂದಿಸಬೇಕಾದರೆ, ಮಾಲು ಮಾರಿದ ಹಣಕಾಸು ವರ್ಷ ಮುಗಿದ ನಂತರದ ನವೆಂಬರ್ 30 ಕೊನೆಯ ದಿನ. 2025ರ ಫೆಬ್ರವರಿಯಲ್ಲಿ ಕೊಂಡ ಮಾಲಿಗೆ 2025ರ ನವೆಂಬರ್ 30. ನೋಟಿಸು ಡಿಸೆಂಬರಿನಲ್ಲಿ ಬಂದರೆ ಆ ಬಾಗಿಲು ಮುಚ್ಚಿರುತ್ತದೆ. ಆಗ ವಿತರಕನೇ ಕಂಪನಿಗೆ ಮರುಮಾರಾಟದ ಬಿಲ್ಲು ಹಾಕಬೇಕಾಗುತ್ತದೆ.

ಕಮಿಷನ್ನಿನಲ್ಲಿ ತಕರಾರು ಹುಟ್ಟುವುದು ತಾರೀಖಿನಿಂದ. ಕೊನೆಯ ದಿನದೊಳಗೆ ಆರ್ಡರ್ ಹಿಡಿದದ್ದಕ್ಕೋ, ಡೆಲಿವರಿ ಆದದ್ದಕ್ಕೋ, ಹಣ ಬಂದದ್ದಕ್ಕೋ? ಒಪ್ಪಂದ ಏನು ಹೇಳುತ್ತದೋ ಅದನ್ನೇ ಉತ್ತರದಲ್ಲಿ ಕಲಂ ಸಮೇತ ಕಾಣಿಸಬೇಕು. ಕ್ಲೇಮಿಗೆ ಸ್ಕೀಮಿನ ಸುತ್ತೋಲೆ ಮತ್ತು ಅಂಗಡಿಯ ಬಿಲ್ಲು ಲಗತ್ತಾಗಬೇಕು. ‘ನೀವು ಕೊಡಿ, ಆಮೇಲೆ ಪಾಸ್ ಮಾಡಿಸ್ತೀನಿ’ ಎಂದ ಏರಿಯಾ ಮ್ಯಾನೇಜರ್ ಅಷ್ಟರಲ್ಲಿ ಬೇರೆ ಕಂಪನಿ ಸೇರಿರುತ್ತಾರೆ.

ಎಲ್ಲ ಕೂಡಿದರೆ ಲೆಕ್ಕ ಹೀಗೆ: ವಾಪಸಾಗುವ ಮಾಲು ನಾಲ್ಕೂವರೆ ಲಕ್ಷ, ಕ್ಲೇಮು ಮತ್ತು ಕಮಿಷನ್ ಎರಡೂವರೆ ಲಕ್ಷ, ಒಟ್ಟು 7 ಲಕ್ಷ. ಅದರಲ್ಲಿ ಲೆಡ್ಜರ್ ಬಾಕಿಯ 3 ಲಕ್ಷ ಕಳೆದರೆ ಕಂಪನಿಯೇ 4 ಲಕ್ಷ ಕೊಡಬೇಕು. ಡಿಪಾಸಿಟ್ ಇದ್ದರೆ ಅದು ಬೇರೆ. ಕಂಪನಿ ಮಾತ್ರ ಬರೀ 3 ಲಕ್ಷದ ಬಾಕಿ ತೋರಿಸಿ, ಭದ್ರತೆಗೆಂದು ಮೊದಲೇ ಪಡೆದಿದ್ದ ಖಾಲಿ ಚೆಕ್ಕನ್ನು ತುಂಬಿ ಬ್ಯಾಂಕಿಗೆ ಹಾಕಬಹುದು. ಅದು ಬೌನ್ಸ್ ಆದರೆ ಚೆಕ್ ಕೇಸು. ಹಾಗಾಗಿ ನೋಟಿಸಿನ ಉತ್ತರದಲ್ಲೇ ಚೆಕ್ ನಂಬರು ಬರೆದು, ಅದು ಭದ್ರತೆಗೆ ಕೊಟ್ಟದ್ದು, ಬಾಕಿಗೆ ಈ ಮೊತ್ತಗಳು ವಜಾ ಆಗಬೇಕು, ಚೆಕ್ ಹಿಂದಿರುಗಿಸಿ ಎಂದು ಕೇಳಬೇಕು. ಕೇಸನ್ನೇ ಇದು ತಡೆಯದು, ಆದರೆ ವಾದಕ್ಕೆ ಆಧಾರವಾಗುತ್ತದೆ.

ಕೊನೆಯಲ್ಲಿ ‘ಫುಲ್ ಅಂಡ್ ಫೈನಲ್’ ಕಾಗದ ಬರುತ್ತದೆ. ಹಣ ಖಾತೆಗೆ ಬೀಳುವ ಮುಂಚೆ ಅದಕ್ಕೆ ಸಹಿ ಹಾಕಿದವರು ಉಳಿದ ಕ್ಲೇಮನ್ನು ಬಹುಮಟ್ಟಿಗೆ ಬಿಟ್ಟುಕೊಟ್ಟಂತೆಯೇ. ಸಹಿ ಹಾಕದೆ ಕಾಯುವುದಕ್ಕೂ ಮಿತಿಯಿದೆ: ಇಂಥ ಬಾಕಿಗೆ ದಾವೆ ಹೂಡಲು ಸಾಮಾನ್ಯವಾಗಿ ಮೂರು ವರ್ಷ. ಆ ಅವಧಿಯೊಳಗೆ ಕಂಪನಿ ತನ್ನ ಸಹಿಯೊಡನೆ ಬಾಕಿಯನ್ನು ಬರವಣಿಗೆಯಲ್ಲಿ ಒಪ್ಪಿಕೊಂಡರೆ ಅಲ್ಲಿಂದ ಹೊಸದಾಗಿ ಎಣಿಕೆ ಶುರು. ಫೋನಿನಲ್ಲಿ ‘ನೋಡೋಣ ಸಾರ್’ ಎಂದದ್ದು ಇದಕ್ಕೆ ಸೇರುವುದಿಲ್ಲ.