ಬೆಳಗಿನ ವಾಂತಿಯೆಲ್ಲ ಪಿತ್ತವಲ್ಲ

ಎಂಟು ವರ್ಷದ ಬಾಲಕಿಯೊಬ್ಬಳು ಕೆಲವು ವಾರಗಳಿಂದ ನಸುಕಿನಲ್ಲಿಯೇ ತಲೆ ಹಿಡಿದುಕೊಂಡು ಏಳುತ್ತಾಳೆ, ಬಚ್ಚಲಿಗೆ ಹೋಗಿ ವಾಂತಿ ಮಾಡಿಕೊಳ್ಳುತ್ತಾಳೆ, ಹತ್ತು ಗಂಟೆಯ ಹೊತ್ತಿಗೆ ಗೆಲುವಾಗಿ ಆಡತೊಡಗುತ್ತಾಳೆ ಎಂದು ಭಾವಿಸೋಣ. ಮನೆಯ ಹಿರಿಯರ ನಿರ್ಣಯ ಸಿದ್ಧವಾಗಿಯೇ ಇರುತ್ತದೆ: ಪಿತ್ತ ಕೆರಳಿದೆ; ಹಳದಿ ನೀರು ಬಿತ್ತು, ತಲೆ ಹಗುರಾಯಿತು, ಇನ್ನೇನು ಸಾಕ್ಷ್ಯ ಬೇಕು?

ಸಾಕ್ಷ್ಯವೇನೋ ಉಂಟು, ಅದು ಹೊಟ್ಟೆಯನ್ನು ಕುರಿತದ್ದಲ್ಲ. ಖಾಲಿ ಹೊಟ್ಟೆಯಲ್ಲಿ ಬಲವಾಗಿ ವಾಂತಿಯಾದರೆ, ಮೂಲಕಾರಣ ಯಾವುದೇ ಆಗಲಿ, ಪಿತ್ತರಸದ ಬಣ್ಣ ಕಂಡೀತು. ಈ ಬಾಲಕಿಗೆ ಹೊಟ್ಟೆನೋವಿಲ್ಲ, ಭೇದಿಯಿಲ್ಲ, ಎಷ್ಟೋ ದಿನ ಓಕರಿಕೆಯ ಮುನ್ಸೂಚನೆಯೂ ಇಲ್ಲ. ಮೊದಲು ಬರುವುದು ತಲೆನೋವು. ತಲೆಬುರುಡೆಯೊಳಗೆ ಮಿದುಳು, ರಕ್ತ, ಮಿದುಳು ದ್ರವ ಎಂಬ ಮೂರಕ್ಕೆ ಮಾತ್ರ ಸ್ಥಳವಿದ್ದು, ಹಿಂಭಾಗದಲ್ಲಿ ಬೆಳೆದ ಗಡ್ಡೆಯೊಂದು ದ್ರವದ ಹಾದಿಯನ್ನು ಅಡ್ಡಗಟ್ಟಿತೆಂದರೆ, ದ್ರವವು ಒಳಗೇ ಶೇಖರವಾಗಿ ಒತ್ತಡವು ಏರತೊಡಗುತ್ತದೆ. ಹಸುಗೂಸಿನಲ್ಲಿ ಮೂಳೆಗಳ ಸಂದುಗಳು ಸಡಿಲವಾಗಿರುವುದರಿಂದ ತಲೆಯೇ ದೊಡ್ಡದಾಗಿ ಎಡೆಗೊಡುತ್ತದೆ. ಶಾಲೆಯ ವಯಸ್ಸಿನಲ್ಲಿ ಆ ಅನುಕೂಲ ಬಹಳ ಮಟ್ಟಿಗೆ ಮುಗಿದಿರುತ್ತದೆ.

ಹಾಗಾದರೆ ಬೆಳಗ್ಗೆಯೇ ಏಕೆ? ಮಲಗಿರುವಾಗ ತಲೆಯಿಂದ ರಕ್ತವು ಹೃದಯದತ್ತ ಇಳಿಯುವುದು ನಿಧಾನ. ನಿದ್ರೆಯಲ್ಲಿ ಉಸಿರಾಟ ಮಂದವಾಗಿ, ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ತುಸು ಹೆಚ್ಚಿ, ಮಿದುಳಿನ ರಕ್ತನಾಳಗಳು ಹಿಗ್ಗುತ್ತವೆ. ಮೊದಲೇ ಇಕ್ಕಟ್ಟಾಗಿರುವ ಸ್ಥಳದಲ್ಲಿ ಇಷ್ಟೇ ಸಾಕು. ಎದ್ದು ಕುಳಿತಾಗ, ವಾಂತಿಯ ವೇಳೆ ಉಸಿರು ಬಿರುಸಾದಾಗ, ಒತ್ತಡ ಕೊಂಚ ಇಳಿಯುತ್ತದೆ. ಪಿತ್ತ ಹೊರಬಿದ್ದುದರ ಫಲವೆಂದು ನಾವು ತಿಳಿದ ನೆಮ್ಮದಿಯ ಗುಟ್ಟು ಬಹುಶಃ ಇದೇ.

ಶಾಲೆಗೆ ಹೋಗಲೊಲ್ಲದ ಮಗುವಿನ ನೆಪವಿದು ಎನ್ನುವವರೂ ಉಂಟು. ಭಾನುವಾರವೂ, ದಸರಾ ರಜೆಯಲ್ಲಿಯೂ ಅದೇ ಹೊತ್ತಿಗೆ ವಾಂತಿಯಾದರೆ ಆ ವಾದ ನಿಲ್ಲದು. ಕನ್ನಡಕ ಹಾಕಿಸಿದರೆ ಸರಿಹೋದೀತೆಂಬ ನಂಬಿಕೆ ಇನ್ನೂ ಅಪಾಯಕರ; ಏಕೆಂದರೆ ಹೊಸದಾಗಿ ಒಂದು ವಸ್ತು ಎರಡಾಗಿ ಕಾಣುವುದು, ಕಣ್ಣು ಒಳಕ್ಕೆ ವಾಲುವುದು, ಒತ್ತಡದಿಂದ ನರವು ಸೋತುದರ ಗುರುತೂ ಆಗಿರಬಹುದು.

ಹೀಗೆಂದು ಪ್ರತಿ ತಲೆನೋವಿಗೂ ಗಡ್ಡೆಯನ್ನು ಕಲ್ಪಿಸಿಕೊಳ್ಳುವುದು ತರವಲ್ಲ. ಮಕ್ಕಳಲ್ಲಿ ಮೈಗ್ರೇನ್ ಬಹು ಸಾಮಾನ್ಯ, ಅದರಲ್ಲಿಯೂ ವಾಂತಿಯುಂಟು. ಆದರೆ ಅದು ಬಂದು ಹೋಗುವ ನೋವು, ನಡುವಿನ ದಿನಗಳಲ್ಲಿ ಮಗು ಪೂರ್ಣ ಸ್ವಸ್ಥ. ವಾರದಿಂದ ವಾರಕ್ಕೆ ಹೆಚ್ಚುವ ನೋವು ಬೇರೆ ಬಗೆಯದು. ಆದುದರಿಂದಲೇ ವೈದ್ಯರು ಬಾಲಕಿಯನ್ನು ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ಗೆರೆಯ ಮೇಲೆ ನಡೆಸಿ ನೋಡುತ್ತಾರೆ, ಕಣ್ಣಿನ ಹಿಂಭಾಗದಲ್ಲಿ ನರದ ತಲೆ ಊದಿಕೊಂಡಿದೆಯೇ ಎಂದು ಪರೀಕ್ಷಿಸುತ್ತಾರೆ. ಊತ ಕಾಣದಿದ್ದ ಮಾತ್ರಕ್ಕೆ ಒತ್ತಡವಿಲ್ಲವೆನ್ನಲಾಗದು. ಸಂದೇಹ ಉಳಿದರೆ ಎಂ.ಆರ್.ಐ. ಚಿತ್ರವೇ ಪ್ರಮಾಣ. ಆ ಚಿತ್ರಕ್ಕಾಗಿ ಕಾಯುತ್ತಿರುವಾಗ ಮಗು ಮಂಪರಿಗಿಳಿದು, ಎಬ್ಬಿಸಿದರೂ ಏಳದಂತಾದರೆ, ಗೊತ್ತುಪಡಿಸಿದ ದಿನದವರೆಗೆ ತಡೆಯದೆ ಆ ಕ್ಷಣವೇ ನರಶಸ್ತ್ರಚಿಕಿತ್ಸಕರಿರುವ ಆಸ್ಪತ್ರೆಗೆ ಒಯ್ಯತಕ್ಕದ್ದು.