ಫ್ರೆಂಡ್ ರಿಕ್ವೆಸ್ಟ್‌ಗೆ ಬಿದ್ದ ತಡೆ

ಹೊಸದಾಗಿ ಟೈಲರಿಂಗ್ ಅಂಗಡಿ ತೆರೆದವರೊಬ್ಬರು ಫೇಸ್‌ಬುಕ್‌ನಲ್ಲಿ ಊರಿನವರನ್ನೆಲ್ಲ ಸೇರಿಸಿಕೊಳ್ಳಲು ಹೊರಟರು ಎನ್ನಿ. ‘ನಿಮಗೆ ಗೊತ್ತಿರಬಹುದಾದವರು’ ಎಂದು ಅದು ತೋರಿಸಿದ ಮುಖಗಳಿಗೆಲ್ಲ ಸಂಜೆಯಿಡೀ ರಿಕ್ವೆಸ್ಟ್ ಹೋಗುತ್ತದೆ. ಆಮೇಲೆ ಗುಂಡಿ ಒತ್ತಿದರೆ, ಸದ್ಯ ನೀವು ಕಳಿಸುವಂತಿಲ್ಲ ಎಂಬ ಸೂಚನೆ.

ದಿನಕ್ಕೆ ಇಷ್ಟೇ ಎಂಬ ಲೆಕ್ಕವನ್ನು ಫೇಸ್‌ಬುಕ್ ಹೇಳುವುದಿಲ್ಲ. ಆದರೆ ಕಾರಣಗಳನ್ನು ಹೇಳುತ್ತದೆ: ಸ್ವಲ್ಪ ಸಮಯದಲ್ಲಿ ತುಂಬಾ ಕಳಿಸಿರುವುದು, ಹಿಂದಿನವಕ್ಕೆ ಉತ್ತರ ಬಾರದಿರುವುದು, ಪಡೆದವರು ‘ಇದು ಬೇಡ’ ಎಂದು ಗುರುತು ಹಾಕಿರುವುದು. ಹೀಗಾಗಿ ಸಂಖ್ಯೆಯೊಂದೇ ಮುಖ್ಯವಲ್ಲ. ಹಳೆಯ ಸಹಪಾಠಿಗಳಿಗೆ ಕಳಿಸಿದವು ಬೇಗ ಒಪ್ಪಿಗೆಯಾಗುತ್ತವೆ. ನಮ್ಮ ಟೈಲರ್ ಅಪರಿಚಿತರಿಗೆ ಕಳಿಸಿದವು ಹಾಗೇ ಕೊಳೆಯುತ್ತವೆ.

ತಡೆ ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ತಾನಾಗಿ ತೆರವಾಗುತ್ತದೆ. ಅದಕ್ಕೂ ಮುಂಚೆ ತೆಗೆಸಿಕೊಳ್ಳಲು ದಾರಿಯಿಲ್ಲ. ಹಣ ಕೊಟ್ಟರೆ ಬಿಡಿಸಿಕೊಡುತ್ತೇವೆ ಎನ್ನುವವರನ್ನು ನಂಬಿ ಪಾಸ್‌ವರ್ಡ್ ಕೊಟ್ಟೀರಿ, ಜೋಕೆ! ಈ ನಡುವೆ, ಕಳಿಸಿದ ರಿಕ್ವೆಸ್ಟ್‌ಗಳ ಪಟ್ಟಿ ತೆರೆದು, ಉತ್ತರ ಬಾರದ ಅಪರಿಚಿತರದನ್ನು ರದ್ದು ಮಾಡುವುದು ಒಳ್ಳೆಯದು. ತಡೆ ಹೋದ ಕೂಡಲೇ ಮತ್ತೆ ಸಾಲಾಗಿ ಒತ್ತಿದರೆ ಅದೇ ಕಥೆ.

ಗೆಳೆಯರ ಸಂಖ್ಯೆ 5,000 ಮುಟ್ಟಿದಾಗ ಬೀಳುವ ತಡೆ ಮಾತ್ರ ಬೇರೆ. ಅದು ಕಾದರೆ ಹೋಗದು. ಯಾರನ್ನಾದರೂ ಪಟ್ಟಿಯಿಂದ ತೆಗೆಯಲೇಬೇಕು. ಗಿರಾಕಿಗಳು ಬೇಕಾದ ಟೈಲರ್‌ಗೆ ಅಂಗಡಿಯ ಹೆಸರಿನಲ್ಲೊಂದು ಪೇಜ್ ತೆರೆಯುವುದೇ ಸರಿ. ಅದನ್ನು ಫಾಲೋ ಮಾಡುವವರಿಗೆ ಈ 5,000ದ ಮಿತಿ ಇಲ್ಲ.