ಐದು ಸಾಲು ಕೂಡಿದರೂ ಐದೇ ಸಾವಿರ

ಊರಿನ ದೇವಸ್ಥಾನದ ಜೀರ್ಣೋದ್ಧಾರಕ್ಕೆ ಬಂದ ದೇಣಿಗೆಯ ಪಟ್ಟಿ ಎಂದುಕೊಳ್ಳಿ. ಒಬ್ಬರು ವಾಟ್ಸಾಪ್‌ನಲ್ಲಿ ಕಳಿಸಿದ್ದು, ಇನ್ನೊಬ್ಬರು ರಸೀದಿ ನೋಡಿ ಬರೆದದ್ದು, ಎಲ್ಲವನ್ನೂ ಖಜಾಂಚಿ ಎಕ್ಸೆಲ್‌ನ A ಕಾಲಂಗೆ ತಂದು ಅಂಟಿಸಿದ್ದಾರೆ. A2ರಿಂದ A6ರವರೆಗೆ ಐದು ಮೊತ್ತ:

```
1,25,000
₹ 75,000/-
2.5 ಲಕ್ಷ
1,05,500.50
5000
```

ಕೆಳಗೆ SUM ಹಾಕಿದರೆ ಬರುವ ಉತ್ತರ 5000. ದೋಷದ ಸೂಚನೆ ಏನೂ ಇಲ್ಲ. ಮೊದಲ ನಾಲ್ಕು ಸಾಲುಗಳು ಎಕ್ಸೆಲ್‌ಗೆ ಪಠ್ಯವಾಗಿ ಹೋಗಿವೆ. ಕಣ್ಣಿಗೆ ಸಂಖ್ಯೆಯಾದರೂ ಅದರ ಲೆಕ್ಕದಲ್ಲಿ ಅವು ಹೆಸರು, ವಿಳಾಸಗಳಂತೆ ಬರೀ ಅಕ್ಷರ. SUM ಪಠ್ಯವನ್ನು ಸದ್ದಿಲ್ಲದೆ ದಾಟಿ ಹೋಗುತ್ತದೆ.

ಇದನ್ನು ಪತ್ತೆಹಚ್ಚುವುದು ಸುಲಭ. ಜೋಡಣೆಯನ್ನು ಯಾರೂ ಬದಲಿಸಿರದಿದ್ದರೆ ಸಂಖ್ಯೆ ಕೋಶದ ಬಲಕ್ಕೆ ಅಂಟಿಕೊಳ್ಳುತ್ತದೆ, ಪಠ್ಯ ಎಡಕ್ಕೆ. ಇನ್ನೂ ಗಟ್ಟಿಯಾದ ಪರೀಕ್ಷೆ ಬೇಕೆಂದರೆ ಎರಡು ಎಣಿಕೆಗಳನ್ನು ಹೋಲಿಸಬೇಕು: COUNTA ತುಂಬಿದ ಕೋಶಗಳನ್ನೆಲ್ಲ ಎಣಿಸುತ್ತದೆ, COUNT ಸಂಖ್ಯೆಗಳನ್ನು ಮಾತ್ರ. ಇಲ್ಲಿ ಮೊದಲನೆಯದು 5, ಎರಡನೆಯದು 1.

ರಿಪೇರಿಯನ್ನು ಮೂಲ ಕಾಲಂನಲ್ಲೇ ಮಾಡಬಾರದು. ಯಾರು ಹೇಗೆ ಬರೆದುಕೊಟ್ಟರೋ ಅದು A ಕಾಲಂನಲ್ಲಿ ಹಾಗೇ ಉಳಿಯಲಿ. ನಾಳೆ ಅನುಮಾನ ಬಂದರೆ ತಿರುಗಿ ನೋಡಲು ಅದೊಂದೇ ಆಧಾರ. ಪಕ್ಕದ B2ರಲ್ಲಿ ಈ ಸೂತ್ರ ಬರೆದು ಕೆಳಕ್ಕೆ ಎಳೆದರೆ ಸಾಕು:

```
=VALUE(TRIM(SUBSTITUTE(SUBSTITUTE(SUBSTITUTE(SUBSTITUTE(A2,",",""),"₹",""),"/-",""),UNICHAR(160)," ")))
```

ಒಳಗಿನಿಂದ ಹೊರಕ್ಕೆ ಓದಿದರೆ ಇದು ಸರಳ. ಮೊದಲು ಕಾಮಾ ಹೋಗುತ್ತದೆ, ಆಮೇಲೆ ರೂಪಾಯಿ ಚಿಹ್ನೆ, ಆಮೇಲೆ ಮೊತ್ತದ ಮುಂದೆ ಯಾರೂ ಅಂಕಿ ಸೇರಿಸದಂತೆ ರಸೀದಿಯಲ್ಲಿ ಎಳೆಯುವ ಗೀಟು. UNICHAR(160) ಎಂಬುದು ಅಂತರ್ಜಾಲ ಪುಟಗಳಿಂದ ನಕಲು ಮಾಡಿದಾಗ ಜೊತೆಗೇ ಬರುವ ಒಂದು ಬಗೆಯ ಖಾಲಿ ಜಾಗ. ಕಣ್ಣಿಗೆ ಅದು ಮಾಮೂಲಿ ಜಾಗದಂತೆಯೇ ಕಂಡರೂ TRIM ಒಂದಕ್ಕೇ ಅದನ್ನು ತೆಗೆಯಲಾಗದು. ಹಾಗಾಗಿ ಮೊದಲು ಅದನ್ನು ಮಾಮೂಲಿ ಜಾಗವಾಗಿಸಬೇಕು. ಕೊನೆಗೆ VALUE ಉಳಿದ ಅಂಕಿಗಳನ್ನು ನಿಜವಾದ ಸಂಖ್ಯೆಯಾಗಿಸುತ್ತದೆ: 125000, 75000, 105500.5, 5000.

ನಾಲ್ಕನೆಯ ಸಾಲಿನಲ್ಲಿ, ಅಂದರೆ B4ರಲ್ಲಿ, #VALUE! ಎಂದು ಬರುತ್ತದೆ. ಬರಲಿ, ಅದು ಒಳ್ಳೆಯದೇ. ಇಲ್ಲಿ ಅವಸರಪಟ್ಟು "ಲಕ್ಷ" ಎಂಬ ಪದವನ್ನೂ ಕಾಮಾದಂತೆ ಅಳಿಸಿಬಿಟ್ಟರೆ ಎರಡೂವರೆ ಲಕ್ಷ ಹೋಗಿ ಎರಡೂವರೆ ರೂಪಾಯಿ ಆಗುತ್ತದೆ. ಆಗ ಒಟ್ಟು ಮೊತ್ತ 310503 ಎಂದು ಬರುತ್ತದೆ. ಪೈಸೆಯೂ ಇಲ್ಲದ, ಯಾರೂ ಅನುಮಾನಿಸದ ಸಂಖ್ಯೆ ಅದು. ಕಾಮಾ ಬರೀ ಗುರುತು, ಆದರೆ ಲಕ್ಷ ಎಂಬುದು ಬೆಲೆ. ಅಳಿಸಿದ ಕೂಡಲೇ ಗುಣಿಸಲೇಬೇಕು. ಆ ಸಾಲಿಗೆ ಮಾತ್ರ ಬೇರೆ ಸೂತ್ರ:

```
=VALUE(SUBSTITUTE(A4,"ಲಕ್ಷ",""))*100000
```

ಕೋಟಿ ಇದ್ದರೆ 10000000ರಿಂದ ಗುಣಿಸಬೇಕು. "Cr" ಎಂದು ಕಂಡರೆ ಮಾತ್ರ ಒಂದು ಕ್ಷಣ ನಿಲ್ಲಬೇಕು: ಬಜೆಟ್ ಪಟ್ಟಿಯಲ್ಲಿ ಅದು ಕೋಟಿ, ಬ್ಯಾಂಕಿನ ಹೇಳಿಕೆಯಲ್ಲಿ ಜಮಾ. "1 ಲಕ್ಷ 25 ಸಾವಿರ" ಎಂಬಂಥ ಸಾಲುಗಳು ನಾಲ್ಕಾರು ಇದ್ದರೆ ಸೂತ್ರ ಹೊಸೆಯುವುದಕ್ಕಿಂತ ಕೈಯಲ್ಲೇ ತಿದ್ದುವುದು ವಾಸಿ.

ಈಗ COUNT ಕೂಡ 5 ಆಗುತ್ತದೆ, ಮೊತ್ತ 560500.5. ಬಾಯಿಲೆಕ್ಕದಲ್ಲೂ ತಾಳೆಯಾಗುತ್ತದೆ: ಮೊದಲ ಎರಡು ಸೇರಿ ಎರಡು ಲಕ್ಷ, ಮೂರನೆಯದು ಸೇರಿ ನಾಲ್ಕೂವರೆ, ಉಳಿದೆರಡು ಸೇರಿದರೆ ಐದು ಲಕ್ಷ ಅರವತ್ತು ಸಾವಿರದ ಐನೂರು ರೂಪಾಯಿ ಐವತ್ತು ಪೈಸೆ.

ಬೋಳು ಸಂಖ್ಯೆಯನ್ನು ಓದುವುದು ಕಷ್ಟ ಎನ್ನುವವರಿಗೆ ಕಾಮಾಗಳನ್ನು ಮತ್ತೆ ಕಾಣಿಸಬಹುದು, ಆದರೆ ಸಂಖ್ಯೆಯೊಳಗೆ ತುರುಕದೆ, ಕೋಶದ ಫಾರ್ಮ್ಯಾಟ್‌ನಲ್ಲಿ:

```
[>=10000000]##\,##\,##\,##0.00;[>=100000]##\,##\,##0.00;##,##0.00
```

ಲಕ್ಷ ದಾಟಿದ ಋಣ ಮೊತ್ತಗಳಿಗೆ ಇದು ಒಗ್ಗದು. -125000 ಎಂಬುದು -125,000.00 ಎಂದೇ ಕಾಣುತ್ತದೆ.

ಪಟ್ಟಿಯನ್ನು ಬೇರೆ ತಂತ್ರಾಂಶಕ್ಕೆ ಕೊಡಲು CSV ಕಡತವಾಗಿ ಉಳಿಸುವಾಗ ಈ ಫಾರ್ಮ್ಯಾಟ್ ತೆಗೆದು General ಮಾಡಿಕೊಳ್ಳಬೇಕು. ಎಕ್ಸೆಲ್ ಆ ಕಡತಕ್ಕೆ ಪರದೆಯ ಮೇಲೆ ಕಂಡಂತೆಯೇ, ಕಾಮಾ ಸಮೇತ, ಬರೆಯುತ್ತದೆ. CSVಯಲ್ಲಿ ಕಾಲಂಗಳನ್ನು ಬೇರ್ಪಡಿಸುವುದೂ ಕಾಮಾವೇ. ಎಕ್ಸೆಲ್ ಅಂಥ ಮೊತ್ತಕ್ಕೆ ಉದ್ಧರಣ ಚಿಹ್ನೆಯ ರಕ್ಷಣೆ ಕೊಡುತ್ತದೆ. ಯಾರಾದರೂ ಅದನ್ನು ಕಿತ್ತುಹಾಕಿದರೆ 1,05,000 ಮೂರು ಕಾಲಂಗಳಾಗಿ ಒಡೆದು 1, 5, 0 ಎಂದು ಕೂರುತ್ತದೆ. ಸೊನ್ನೆಗಳು ಹೋದ ಮೇಲೆ ಆ ಮೂರನ್ನು ಹಾಗೇ ಅಂಟಿಸಿದರೆ ಸಿಗುವುದು 150.